ಹೆಸರು ಬದಲಿಸಲಾಗಿದೆ

ಪತ್ರಿಕೆಗಳಲ್ಲಿ, ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ, ಜಾಗೃತಿ ಕರಪತ್ರಗಳಲ್ಲಿ ಫೋಟೊದ ಕೆಳಗೆ ಎರಡು ಪದ ಆಗಾಗ ಕಣ್ಣಿಗೆ ಬೀಳುತ್ತವೆ: ಹೆಸರು ಬದಲಿಸಲಾಗಿದೆ. ಕಂಸದೊಳಗೆ ಕೂತ ಈ ಎರಡು ಪದ ಓದುಗನಿಗೂ ಬರೆದವನಿಗೂ ಒಂದು ಸಮಾಧಾನ ಕೊಡುತ್ತವೆ. ಪಾಪ, ಆ ಮಗುವಿನ ಗುರುತು ಉಳಿಯಿತು, ನಾವು ಮಾಡಬೇಕಾದದ್ದನ್ನು ಮಾಡಿದೆವು ಎಂಬ ಸಮಾಧಾನ. ಆದರೆ ಕಂಸದ ಆಚೆಗೆ ಕಣ್ಣು ಹಾಯಿಸಿದರೆ ಊರಿದೆ, ಶಾಲೆಯಿದೆ, ವಯಸ್ಸಿದೆ, ಅಪ್ಪನ ಕಸುಬಿದೆ, ಘಟನೆ ನಡೆದ ದಿನವಿದೆ. ಬಾಗಿಲಿಗೆ ಬೀಗ ಹಾಕಿ ಕಿಟಕಿಗಳನ್ನೆಲ್ಲ ತೆರೆದಿಟ್ಟ ಮನೆಯ ಹಾಗೆ. ಅಡಿಬರಹದಲ್ಲಿ ಏನನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ನಾವು ಬಹುಕಾಲದಿಂದ ಹೆಸರಿನ ಪ್ರಶ್ನೆಯಾಗಿಯೇ ನೋಡುತ್ತ ಬಂದಿದ್ದೇವೆ. ನನ್ನ ವಾದ ಇಷ್ಟೆ: ಗುರುತು ಹೆಸರಿನಲ್ಲಿಲ್ಲ, ವಿವರಗಳ ಕೂಟದಲ್ಲಿದೆ. ಒಂದೊಂದು ವಿವರವನ್ನೂ ಬಿಡಿಯಾಗಿ ಹಿಡಿದು ಇದು ಗುಟ್ಟೇ ಅಲ್ಲವೇ ಎಂದು ಕೇಳಿದರೆ ಉತ್ತರ ತಪ್ಪುತ್ತದೆ. ಇದು ಪಕ್ಕದ ವಿವರದ ಜೊತೆ ಸೇರಿದರೆ ಎಷ್ಟು ಜನ ಉಳಿಯುತ್ತಾರೆ ಎಂದು ಕೇಳಬೇಕು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಅಡಿಬರಹವನ್ನೇ ಕಟ್ಟಿ ಮುಂದಿಡುತ್ತೇನೆ. ಇದು ನಿಜವಾದ ಯಾರದೂ ಅಲ್ಲ. ಆದರೆ ಇಂಥದ್ದನ್ನು ಓದದ ಕನ್ನಡಿಗರು ಕಡಿಮೆ. ಚಿತ್ರದಲ್ಲಿ ಒಬ್ಬ ಹುಡುಗಿ ಬೆನ್ನು ತಿರುಗಿಸಿ ನಿಂತಿದ್ದಾಳೆ, ಎರಡು ಜಡೆ, ಹೆಗಲಿಗೆ ಶಾಲೆಯ ಚೀಲ. ಮುಖ ಕಾಣುವುದಿಲ್ಲ. ಕೆಳಗೆ ಹೀಗಿದೆ: “ಇಂಥ ತಾಲ್ಲೂಕಿನ ಇಂಥ ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಸುಮಾ (ಹೆಸರು ಬದಲಿಸಲಾಗಿದೆ). ಕಳೆದ ಬಸವ ಜಯಂತಿಯಂದು ನಿಗದಿಯಾಗಿದ್ದ ಈಕೆಯ ಮದುವೆಯನ್ನು ಶಾಲೆಯ ಗಣಿತ ಶಿಕ್ಷಕಿ ಕೊಟ್ಟ ಮಾಹಿತಿಯ ಮೇರೆಗೆ ಅಧಿಕಾರಿಗಳು ತಡೆದರು. ತಂದೆ ಎಪಿಎಂಸಿಯಲ್ಲಿ ಹಮಾಲಿ. ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳಾದ ಸುಮಾ ಈಗ ದಿನವೂ ಬೆಳಿಗ್ಗೆ ಎಂಟರ ಬಸ್ಸಿಗೆ ಶಾಲೆಗೆ ಬರುತ್ತಾಳೆ.” ಬರೆದವರ ಮನಸ್ಸು ಒಳ್ಳೆಯದೇ. ನಿಂತುಹೋದ ಒಂದು ಬಾಲ್ಯವಿವಾಹದ ಕಥೆ ಇನ್ನೂ ನಾಲ್ಕು ಮದುವೆಗಳನ್ನು ನಿಲ್ಲಿಸಬಹುದು ಎಂಬ ಆಸೆ ಇಲ್ಲಿದೆ. ಮುಖ ಮರೆಸಿದ್ದಾರೆ, ಹೆಸರು ಬದಲಿಸಿದ್ದಾರೆ. ಇನ್ನೇನು ಬೇಕು ಎಂದು ಅನ್ನಿಸುವುದು ಸಹಜ.

ಈಗ ಇದನ್ನು ಜರಡಿ ಹಿಡಿಯೋಣ. ಆ ಹೋಬಳಿಯಲ್ಲಿ ನಾಲ್ಕು ಸರ್ಕಾರಿ ಪ್ರೌಢಶಾಲೆಗಳಿವೆ, ಒಂದೊಂದರ ಒಂಬತ್ತನೇ ತರಗತಿಯಲ್ಲಿ 30 ಹುಡುಗಿಯರಿದ್ದಾರೆ ಎಂದುಕೊಳ್ಳಿ. ಹೋಬಳಿ ಮತ್ತು ತರಗತಿ ಎರಡನ್ನು ಹೇಳಿದ ಕೂಡಲೇ ನಾವು 120 ಹುಡುಗಿಯರಿಗೆ ಇಳಿದೆವು. ಗಣಿತಕ್ಕೆ ಶಿಕ್ಷಕಿ ಇರುವುದು ಎರಡು ಶಾಲೆಗಳಲ್ಲಿ ಮಾತ್ರ ಎಂದಾದರೆ 60 ಉಳಿದರು. ಅವರಲ್ಲಿ ಮೂರರಲ್ಲೊಂದು ಪಾಲು ಬೇರೆ ಊರಿನಿಂದ ಬಸ್ಸಿನಲ್ಲಿ ಬರುವವರಾದರೆ 20. ಮೂವರು ಅಕ್ಕತಂಗಿಯರ ನಡುವಿನವರು ಅವರಲ್ಲಿ ಇಬ್ಬರೋ ಮೂವರೋ. ಅಪ್ಪ ಹಮಾಲಿ ಎಂದಾಗ ಒಬ್ಬಳೇ ಉಳಿದಳು. ಇಷ್ಟಕ್ಕೂ ನಾವು ಮದುವೆಯ ದಿನವನ್ನು ಬಳಸಲೇ ಇಲ್ಲ. ಈ ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು, ನಿಜವಾದ ಹೋಬಳಿಯಲ್ಲಿ ಸ್ವಲ್ಪ ಆಚೀಚೆ ಆಗಬಹುದು. ಆದರೆ ಇಳಿಯುವ ವೇಗವನ್ನು ಗಮನಿಸಿ: ಐದು ಹೆಜ್ಜೆ, ಒಂದರಲ್ಲೂ ಗುಟ್ಟಿಲ್ಲ. ಹಮಾಲಿ ಕೆಲಸ ಗುಟ್ಟಲ್ಲ, ಬಸ್ಸಿನ ಹೊತ್ತು ಗುಟ್ಟಲ್ಲ, ಶಿಕ್ಷಕಿ ಪಾಠ ಹೇಳುವ ವಿಷಯ ಗುಟ್ಟಲ್ಲ. ಎಲ್ಲವೂ ಸೇರಿದಾಗ ಮಾತ್ರ ಅದು ಹೆಸರಾಗುತ್ತದೆ. ಬದಲಿಸಿದ ಹೆಸರಿನ ಪಕ್ಕದಲ್ಲೇ ಬದಲಿಸದ ಇನ್ನೊಂದು ಹೆಸರನ್ನು ನಾವು ಬಿಡಿಸಿ ಬಿಡಿಸಿ ಬರೆದಿದ್ದೇವೆ.

ಇದು ಬರೀ ಊಹೆಯ ಆಟವಲ್ಲ ಎಂಬುದಕ್ಕೆ ಒಂದು ಪ್ರಸಿದ್ಧ ಸಾಕ್ಷ್ಯವಿದೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಡಲಾಗಿತ್ತು. ಹೆಸರಿಲ್ಲದ ಮೇಲೆ ಭಯವಿಲ್ಲ ಎಂಬುದು ಕೊಟ್ಟವರ ನಂಬಿಕೆ. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ಎರಡೂ ಕಡೆ ಇದ್ದದ್ದು ಮೂರೇ ಸಂಗತಿ: ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಂಚೆಯ ಪಿನ್ ಸಂಖ್ಯೆ. ರಾಜ್ಯಪಾಲರಾಗಿದ್ದ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಊರಿನಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಆ ಪಿನ್ ಸಂಖ್ಯೆಯಲ್ಲಿದ್ದವರು ಒಬ್ಬರೇ. ರಾಜ್ಯಪಾಲರ ಆಸ್ಪತ್ರೆ ದಾಖಲೆ ಸಿಕ್ಕೇಬಿಟ್ಟಿತು. ಈ ಮೂರು ಸಂಗತಿಗಳಿಂದಲೇ ಅಮೆರಿಕದ ನೂರಕ್ಕೆ 87 ಮಂದಿಯನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು ಸ್ವೀನಿ ಆಮೇಲೆ ಲೆಕ್ಕ ಹಾಕಿದರು. ಮುಂದೆ 2000ದ ಜನಗಣತಿಯನ್ನಿಟ್ಟುಕೊಂಡು ಇನ್ನೊಬ್ಬರು ಎಣಿಸಿದಾಗ ಅದು ನೂರಕ್ಕೆ 63ಕ್ಕೆ ಇಳಿಯಿತು. ಕಡಿಮೆಯ ಲೆಕ್ಕವನ್ನೇ ಹಿಡಿದರೂ ಅರ್ಧಕ್ಕಿಂತ ಹೆಚ್ಚು ಜನ. ಈ ಕೆಲಸದಿಂದ ಬಂದ ಒಂದು ಅಳತೆಗೋಲು ನಮ್ಮ ಅಡಿಬರಹಕ್ಕೂ ಒಪ್ಪುತ್ತದೆ: ಬರೆದದ್ದನ್ನೆಲ್ಲ ಕೂಡಿಸಿದ ಮೇಲೂ ಎಷ್ಟು ಜನ ಉಳಿಯುತ್ತಾರೆ? ಒಬ್ಬರೇ ಆದರೆ ಹೆಸರು ಬರೆದ ಹಾಗೆಯೇ. ನಮ್ಮಲ್ಲಿ ಮತದಾರರ ಪಟ್ಟಿಗೆ ದುಡ್ಡೂ ಬೇಕಿಲ್ಲ. ಮತಗಟ್ಟೆಯ ಪ್ರಕಾರ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು ಎಲ್ಲವೂ ಕನ್ನಡದಲ್ಲೇ ಮುದ್ರಣವಾಗಿ ಎಲ್ಲರಿಗೂ ಸಿಗುತ್ತದೆ. ಹುಡುಗಿಯ ಹೆಸರು ಅದರಲ್ಲಿ ಇರುವುದಿಲ್ಲ ನಿಜ. ಅವಳ ಅಪ್ಪ, ಅಮ್ಮನ ಹೆಸರು ಇರುತ್ತದೆ.

ನಮ್ಮ ಕಾನೂನು ಈ ಕೂಟದ ಸಂಗತಿಯನ್ನು ನಮಗಿಂತ ಮೊದಲೇ ಅರಿತಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ ಇವುಗಳ ಜೊತೆಗೆ ಗುರುತಿಗೆ ದಾರಿಯಾಗಬಲ್ಲ ಬೇರೆ ಯಾವುದೇ ವಿವರವನ್ನೂ ಪ್ರಕಟಿಸಬಾರದು ಎನ್ನುತ್ತದೆ. ಚಿತ್ರಕ್ಕೂ ಅದೇ ನಿರ್ಬಂಧ. ಮೀರಿದರೆ ಆರು ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಯಸ್ಸು ತುಂಬುವ ಮೊದಲೇ ಮದುವೆಯ ಅಪಾಯದಲ್ಲಿರುವ ಮಗು ಕೂಡ ಇದೇ ಕಾಯ್ದೆಯ ಪ್ರಕಾರ ರಕ್ಷಣೆ ಬೇಕಾದ ಮಗು. ಅಂದರೆ ನಮ್ಮ ಸುಮಾಳ ಅಡಿಬರಹ ಕಾನೂನಿನ ಅಂಗಳದಲ್ಲೇ ನಿಂತಿದೆ, ಮಗುವಿನ ಹಿತಕ್ಕಾಗಿ ಮಕ್ಕಳ ಕಲ್ಯಾಣ ಸಮಿತಿಯೇ ಕಾರಣ ಬರೆದಿಟ್ಟು ಅನುಮತಿ ಕೊಡದ ಹೊರತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತಿನ ಬಗ್ಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಇನ್ನೂ ಸ್ಪಷ್ಟ. ಹೆಸರು ಕೊಡದೆ, ಆಕೆ ರಾಜ್ಯದ ಬೋರ್ಡ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವಳು ಎಂದು ರಾಜ್ಯದ ಹೆಸರಿನೊಂದಿಗೆ ಬರೆದ ಒಂದು ಸುದ್ದಿಯನ್ನು ನ್ಯಾಯಾಲಯ ಉದಾಹರಣೆಯಾಗಿ ಎತ್ತಿಕೊಂಡಿತು. ಅಷ್ಟು ಹೇಳಿದ ಮೇಲೆ ಹೆಸರನ್ನು ಬಚ್ಚಿಟ್ಟರೆಷ್ಟು, ಬಿಟ್ಟರೆಷ್ಟು? ಮೊದಲ ಸ್ಥಾನ ಹೊಗಳಿಕೆಯ ಮಾತು. ಅಪಾಯ ಅದರಲ್ಲೇ ಇತ್ತು. ಅಡಿಬರಹ ಬರೆಯುವವರ ಕೈ ಜಾರುವುದು ಹೆಚ್ಚಾಗಿ ಇಲ್ಲಿಯೇ: ಕೆಟ್ಟದ್ದನ್ನು ಬಚ್ಚಿಡುತ್ತೇವೆ, ಒಳ್ಳೆಯದನ್ನು ಧಾರಾಳವಾಗಿ ಬರೆಯುತ್ತೇವೆ. ಕಬಡ್ಡಿಯಲ್ಲಿ ಜಿಲ್ಲಾಮಟ್ಟಕ್ಕೆ ಹೋದವಳು, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಗೆದ್ದವಳು ಎಂದರೆ ಅದು ಹೊಗಳಿಕೆಯೂ ಹೌದು, ವಿಳಾಸವೂ ಹೌದು.

ಆದರೆ ಗುರುತು ಯಾರಿಗೆ ಸಿಗಬಾರದು ಎಂಬುದನ್ನು ಕೇಳದೆ ಏನನ್ನು ಬಿಡಬೇಕೆಂದು ತೀರ್ಮಾನಿಸಲಾಗದು. ಅಡಿಬರಹಕ್ಕೆ ಇಬ್ಬರು ಓದುಗರಿದ್ದಾರೆ. ಒಬ್ಬರು ದೂರದವರು, ಬೆಂಗಳೂರಿನಲ್ಲೋ ಬೀದರಿನಲ್ಲೋ ಕೂತು ಪುಟ ತಿರುವುವವರು. ಇವರಿಗೆ ಹೆಸರು, ಊರು ಇಲ್ಲದಿದ್ದರೆ ಹುಡುಗಿ ಸಿಗುವುದಿಲ್ಲ. ಇನ್ನೊಬ್ಬರು ಹತ್ತಿರದವರು; ಅದೇ ಊರಿನ ಹೋಟೆಲಿನಲ್ಲಿ ಪತ್ರಿಕೆ ಓದುವವರು, ಹುಡುಗಿಯ ಚಿಕ್ಕಪ್ಪ, ಮದುವೆ ಮುರಿದ ಗಂಡಿನ ಮನೆಯವರು. ಇವರಿಗೆ ಹೆಸರೇ ಬೇಕಿಲ್ಲ. ಬಾಲಕಿಯ ಎರಡು ಜಡೆ, ಚೀಲದ ಮೇಲಿನ ಹೊಲಿಗೆ ಸಾಕು. ಇವರು ಮುಕ್ಕಾಲು ಪಾಲು ಮೊದಲೇ ಬಲ್ಲವರು. ಇವರಿಗೆ ಅಡಿಬರಹ ಕೊಡುವುದು ಹುಡುಗಿಯ ಗುರುತನ್ನಲ್ಲ, ಗೊತ್ತಿಲ್ಲದಿದ್ದ ಉಳಿದ ಕಾಲು ಪಾಲನ್ನು. ಸುಮಾಳ ಕಥೆಯಲ್ಲಿ ಆ ಕಾಲು ಪಾಲು ಯಾವುದು? ಮಾಹಿತಿ ಕೊಟ್ಟವರು ಗಣಿತ ಶಿಕ್ಷಕಿ ಎಂಬುದು. ಊರಿಗೆಲ್ಲ ಮದುವೆ ನಿಂತದ್ದು ಗೊತ್ತು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರು ಯಾರೆಂದು ಗೊತ್ತಿರಲಿಲ್ಲ. ಹುಡುಗಿಯ ಹೆಸರನ್ನು ಅಷ್ಟು ಜೋಪಾನ ಮಾಡಿದ ಅಡಿಬರಹ, ನಾಳೆ ಅದೇ ಬಸ್ಸಿನಲ್ಲಿ ಅದೇ ಊರಿಗೆ ಹೋಗಬೇಕಾದ ಶಿಕ್ಷಕಿಯನ್ನು ಒಂದೇ ಪದದಲ್ಲಿ ಬಯಲಿಗಿಟ್ಟಿತು. ಆದ್ದರಿಂದ ದೂರದವರಿಂದ ಕಾಪಾಡಲು ಹೆಸರು, ಊರು ಬಿಡಬೇಕು; ಹತ್ತಿರದವರಿಂದ ಕಾಪಾಡಲು ಹೊಸ ಸಂಗತಿಯನ್ನೇ ಬಿಡಬೇಕು. ಎರಡೂ ಬೇರೆ ಬೇರೆ ಕೆಲಸ. ಮೊದಲನೆಯದನ್ನು ಮಾಡಿದರೆ ಎರಡನೆಯದೂ ಆಯಿತು ಎಂದುಕೊಳ್ಳುವುದೇ ನಮ್ಮ ದೊಡ್ಡ ತಪ್ಪು.

ಹೆಸರಿನ ವಿಷಯಕ್ಕೇ ಮರಳಿದರೂ, ಕನ್ನಡದ ಹೆಸರುಗಳು ಬರೀ ಹೆಸರುಗಳಲ್ಲ. ಹಳೆ ಮೈಸೂರಿನ ಕಡೆ ಹೆಸರಿನ ಹಿಂದೆ ನಿಲ್ಲುವ ಎರಡು ಇನಿಷಿಯಲ್‌ಗಳಲ್ಲಿ ಒಂದು ಊರು, ಇನ್ನೊಂದು ಅಪ್ಪ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕುಂಬಾರ, ಕಮ್ಮಾರ ಎಂಬ ಅಡ್ಡಹೆಸರು ಮನೆತನದ ಕಸುಬನ್ನು ಹೇಳಿಬಿಡುತ್ತದೆ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಮನೆತನಗಳೂ ಎಷ್ಟೋ. ಕೊಡಗಿನಲ್ಲಿ ಒಕ್ಕದ ಹೆಸರು ಹೇಳಿದರೆ ಐನ್‌ಮನೆ ಇರುವ ಊರು ಯಾವುದೆಂದು ಬಲ್ಲವರಿಗೆ ತಿಳಿಯುತ್ತದೆ. ಆದ್ದರಿಂದ ಮೊದಲ ಹೆಸರು ಮಾತ್ರ ಬದಲಿಸಿ ಅಡ್ಡಹೆಸರನ್ನೋ ಇನಿಷಿಯಲ್‌ಅನ್ನೋ ಉಳಿಸಿಕೊಂಡರೆ ಬದಲಿಸಿದ್ದಕ್ಕೆ ಅರ್ಥವಿಲ್ಲ. ಬದಲಿ ಹೆಸರು ಆರಿಸುವಾಗಲೂ ಎಚ್ಚರ ಬೇಕು. ನಿಜದ ಹೆಸರಿನ ಮೊದಲ ಅಕ್ಷರವನ್ನೇ ಉಳಿಸುವುದು, ಅದೇ ಅರ್ಥದ ಇನ್ನೊಂದು ಹೆಸರು ಇಡುವುದು ಬರೆಯುವವರ ರೂಢಿ. ಊರಿನವರಿಗೆ ಅದು ಸುಳುಹಾಗುತ್ತದೆ. ಇನ್ನೂ ಒಂದು ಅಪಾಯವಿದೆ. ಆ ಹೋಬಳಿಯ ಒಂಬತ್ತನೇ ತರಗತಿಯಲ್ಲಿ ನಿಜವಾಗಿಯೂ ಒಬ್ಬ ಸುಮಾ ಇದ್ದರೆ? ಇಲ್ಲದ ಮದುವೆಯ ಕಥೆ ಅವಳ ತಲೆಗೆ ಕಟ್ಟಿತು. ಊರು ಹೇಳಿ ಹೆಸರು ಬದಲಿಸುವುದಕ್ಕಿಂತ ಹೆಸರೇ ಇಲ್ಲದೆ ವಿದ್ಯಾರ್ಥಿನಿ ಎಂದು ಬರೆಯುವುದು ಎಷ್ಟೋ ಮೇಲು.

ಕಾಲದ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ನಮ್ಮಲ್ಲಿ ಕಾಲವೇ ಎಷ್ಟೋ ಸಲ ಊರಾಗಿಬಿಡುತ್ತದೆ. ಜಾತ್ರೆ, ತೇರು, ಉರುಸು, ಸಂತೆ ಇವಕ್ಕೆಲ್ಲ ಊರೂರಿಗೆ ದಿನ ಬೇರೆ. ಊರಿನ ಹೆಸರು ಬಿಟ್ಟು ತೇರಿನ ಮರುದಿನ ಎಂದು ತಾರೀಕಿನ ಸಮೇತ ಬರೆದರೆ ಪಂಚಾಂಗವೋ ಜಾತ್ರೆಯ ಪಟ್ಟಿಯೋ ಉಳಿದದ್ದನ್ನು ಹೇಳುತ್ತದೆ. ಇನ್ನೊಂದು ಭೇದವನ್ನು ಮನಸ್ಸಿನಲ್ಲಿಡಬೇಕು: ಒಮ್ಮೆ ನಡೆದ ಹೊತ್ತು ಬೇರೆ, ದಿನವೂ ನಡೆಯುವ ಹೊತ್ತು ಬೇರೆ. ಕಳೆದ ಬಸವ ಜಯಂತಿ ಕಳೆದುಹೋಯಿತು. ಅದು ಗುರುತಿಗೆ ನೆರವಾಗಬಹುದು, ಆದರೆ ಆ ದಿನಕ್ಕೆ ಹೋಗಿ ಯಾರೂ ಹುಡುಗಿಯನ್ನು ಅಡ್ಡಗಟ್ಟಲಾರರು. ದಿನವೂ ಬೆಳಿಗ್ಗೆ ಎಂಟರ ಬಸ್ಸು ಎಂಬ ಮಾತು ನಾಳೆ ಅವಳು ಎಲ್ಲಿ ನಿಂತಿರುತ್ತಾಳೆ ಎಂಬುದನ್ನು ಹೇಳುತ್ತದೆ. ಅಡಿಬರಹದಲ್ಲಿ ಚಂದಕ್ಕೆಂದು ಸೇರಿಸಿದ ಆ ಸಾಲು ಎಲ್ಲಕ್ಕಿಂತ ಅಪಾಯದ್ದು. ಪ್ರತಿ, ದಿನವೂ, ವಾರಕ್ಕೊಮ್ಮೆ ಎಂಬ ಪದಗಳು ಬಂದಲ್ಲೆಲ್ಲ ಪೆನ್ನು ನಿಲ್ಲಬೇಕು. ನಡೆದುಹೋದ ದಿನವನ್ನಾದರೆ ತಿಂಗಳಿಗೋ ವರ್ಷಕ್ಕೋ ಸಡಿಲಿಸಬಹುದು, ಇಲ್ಲವೇ ಪ್ರಕಟಣೆಯನ್ನೇ ಮುಂದೂಡಬಹುದು. ಊರು ಬಿಗಿಯಾಗಿದ್ದರೆ ಕಾಲ ಸಡಿಲವಾಗಿರಬೇಕು. ಕಾಲ ಬಿಗಿಯಾಗಿರಲೇಬೇಕಾದರೆ ಊರು ಜಿಲ್ಲೆಯಷ್ಟು, ವಿಭಾಗದಷ್ಟು ಅಗಲವಾಗಬೇಕು. ಎರಡನ್ನೂ ಒಟ್ಟಿಗೆ ಬಿಗಿ ಹಿಡಿದರೆ ಮೂರನೆಯದಾದ ಹೆಸರು ತಾನಾಗಿಯೇ ಬಂದು ಕೂರುತ್ತದೆ.

ಅಡಿಬರಹವನ್ನು ಎಷ್ಟು ತಿದ್ದಿದರೂ ಚಿತ್ರ ತನ್ನ ಪಾಡಿಗೆ ತಾನು ಮಾತಾಡುತ್ತಿರುತ್ತದೆ ಎಂಬುದನ್ನೂ ಸೇರಿಸಬೇಕು. ಹುಡುಗಿಯ ಬೆನ್ನ ಹಿಂದಿನ ಗೋಡೆಯ ಮೇಲೆ ಶಾಲೆಯ ಹೆಸರು, ತಾಲ್ಲೂಕು, ಜಿಲ್ಲೆ ನೀಲಿ ಬಣ್ಣದಲ್ಲಿ ಬರೆದಿರಬಹುದು. ಅಂಗಡಿಯ ಬೋರ್ಡಿನ ಕೊನೆಯ ಸಾಲಿನಲ್ಲಿ ಊರು ಇರುತ್ತದೆ. ನಿಂತ ಬೈಕಿನ ನಂಬರ್ ಪ್ಲೇಟಿನ ಕೆಎ ಮುಂದಿನ ಎರಡು ಅಂಕಿ ಯಾವ ಸಾರಿಗೆ ಕಚೇರಿಯದೆಂದು ಹೇಳುತ್ತದೆ. ಕಣ್ಣಿಗೆ ಕಾಣದ ಬರಹವೂ ಉಂಟು. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತಕ್ಕೆ `IMG_20240312_081455.jpg` ಎಂಬಂಥ ಹೆಸರಿದ್ದರೆ ಅದೇ ಒಂದು ಅಡಿಬರಹ: 2024ರ ಮಾರ್ಚ್ 12, ಬೆಳಿಗ್ಗೆ 8 ಗಂಟೆ 14 ನಿಮಿಷ. ಲೊಕೇಶನ್ ಚಾಲೂ ಇದ್ದರೆ ಕಡತದ ಒಳಗೆ ಅಕ್ಷಾಂಶ, ರೇಖಾಂಶಗಳೂ ಕೂತಿರುತ್ತವೆ. ಬೆಲೀಜ್ ದೇಶದ ಪೊಲೀಸರು ವಿಚಾರಣೆಗೆ ಹುಡುಕುತ್ತಿದ್ದ ಉದ್ಯಮಿ ಜಾನ್ ಮ್ಯಾಕಫಿ 2012ರ ಡಿಸೆಂಬರಿನಲ್ಲಿ ಎಲ್ಲಿದ್ದಾರೆಂದು ಜಗತ್ತಿಗೆ ತಿಳಿದದ್ದು ಹೀಗೆಯೇ. ಜೊತೆಗಿದ್ದ ಪತ್ರಕರ್ತರು ಜಾಗದ ಹೆಸರು ಹೇಳದೆ ಒಂದು ಚಿತ್ರ ಪ್ರಕಟಿಸಿದರು. ಅವರು ಗ್ವಾಟೆಮಾಲಾದಲ್ಲಿದ್ದಾರೆಂದು ಚಿತ್ರದೊಳಗಿನ ಅಂಕಿಗಳು ಹೇಳಿಬಿಟ್ಟವು. ಊರು ಬಿಟ್ಟೆವು ಎನ್ನುವ ಮೊದಲು ಚಿತ್ರವೂ ಕಡತವೂ ಅದನ್ನು ಬಿಟ್ಟಿವೆಯೇ ಎಂದು ನೋಡಬೇಕು.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಯಾರು, ಎಲ್ಲಿ, ಯಾವಾಗ ಎಂಬುದನ್ನು ಹೇಳದ ಅಡಿಬರಹವನ್ನು ನಂಬುವುದು ಹೇಗೆ? ಎಲ್ಲವನ್ನೂ ಸಡಿಲಿಸಿದರೆ ಸುಳ್ಳು ಹೇಳುವವರಿಗೂ ಅದೇ ಮರೆಯಾಗುವುದಿಲ್ಲವೇ? ನಾಳೆಯ ಚರಿತ್ರೆಕಾರ ಏನನ್ನು ಹಿಡಿದು ಬರೆಯಬೇಕು? ಇದಕ್ಕೆ ಡೊರೊಥಿಯಾ ಲ್ಯಾಂಗ್ ಅವರ ಪ್ರಸಿದ್ಧ ಚಿತ್ರದಲ್ಲಿ ಉತ್ತರವಿದೆ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ, ಮಕ್ಕಳನ್ನು ಮಗ್ಗುಲಿಗೆ ಒತ್ತಿಕೊಂಡು ಕೂತ ತಾಯಿಯ ಚಿತ್ರ ಅದು. ಅಡಿಬರಹದಲ್ಲಿ ಊರಿತ್ತು, ವಯಸ್ಸು 32 ಎಂದಿತ್ತು, ಏಳು ಮಕ್ಕಳ ತಾಯಿ ಎಂದಿತ್ತು, ಹೆಸರಿರಲಿಲ್ಲ. ಲ್ಯಾಂಗ್ ಹೆಸರು ಕೇಳಿಯೇ ಇರಲಿಲ್ಲ. ಆ ಕುಟುಂಬ ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿತ್ತು ಎಂದು ಅವರು ಬರೆದುಕೊಂಡದ್ದನ್ನು ಮಕ್ಕಳು ಮುಂದೆ ಅಲ್ಲಗಳೆದರು. 1978ರಲ್ಲಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಗುರುತು ಸಿಕ್ಕಾಗ ಆಕೆ ಹೇಳಿದ್ದು ಸಂತೋಷದ ಮಾತಲ್ಲ. ಚಿತ್ರ ತೆಗೆಯಿಸಿಕೊಳ್ಳದಿದ್ದರೇ ಚೆನ್ನಾಗಿತ್ತು ಎಂಬ ಭಾವ ಅದರಲ್ಲಿತ್ತು. ಇಲ್ಲಿ ಹೆಸರು ಬಿಟ್ಟದ್ದರಿಂದ ಖಾಸಗಿತನವೂ ಪೂರ್ತಿ ಉಳಿಯಲಿಲ್ಲ, ಸತ್ಯವೂ ಉಳಿಯಲಿಲ್ಲ. ತಪ್ಪು ನಡೆದದ್ದು ಹೆಸರನ್ನು ಅಚ್ಚು ಹಾಕದಿರುವಲ್ಲಿ ಅಲ್ಲ, ಬರೆದಿಟ್ಟುಕೊಳ್ಳದಿರುವಲ್ಲಿ. ಬಿಡುವುದೆಂದರೆ ಅಳಿಸುವುದಲ್ಲ. ಒಂದೇ ಚಿತ್ರಕ್ಕೆ ಎರಡು ಅಡಿಬರಹ ಇರಬೇಕು. ಒಂದು ಕಪಾಟಿನೊಳಗೆ, ಬೀಗದಡಿ: ಹೆಸರು, ಊರು, ದಿನ, ಹೊತ್ತು, ಒಪ್ಪಿಗೆ ಕೊಟ್ಟವರು, ಏನೇನು ಬಿಟ್ಟಿದ್ದೇವೆ, ಏಕೆ ಎಂಬ ಪೂರ್ತಿ ವಿವರದೊಂದಿಗೆ. ಇನ್ನೊಂದು ಅಚ್ಚಿಗೆ. ಸಂಪಾದಕರು ಪರೀಕ್ಷಿಸುವುದು, ಚರಿತ್ರೆಕಾರ ಐವತ್ತು ವರ್ಷದ ಮೇಲೆ ತೆರೆಯುವುದು ಮೊದಲನೆಯದನ್ನು. ಅಚ್ಚಿನದರಲ್ಲಿ ಬಿಟ್ಟದ್ದನ್ನು ಬಿಟ್ಟಿದ್ದೇವೆ ಎಂದು ಹೇಳಬೇಕು. ಬದಲಿಗೆ ಸುಳ್ಳು ಊರು, ಸುಳ್ಳು ದಿನ ತುಂಬಬಾರದು. ಬಿಟ್ಟ ಜಾಗವನ್ನು ಓದುಗ ಕ್ಷಮಿಸುತ್ತಾನೆ, ತುಂಬಿದ ಸುಳ್ಳನ್ನು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು.

ಎರಡನೆಯ ಆಕ್ಷೇಪ ಒಪ್ಪಿಗೆಯದು. ಮನೆಯವರು ಸಹಿ ಹಾಕಿಕೊಟ್ಟಿದ್ದಾರಲ್ಲ, ನಮಗೇಕೆ ಚಿಂತೆ? ಸುಮಾಳ ವಿಷಯದಲ್ಲಿ ಆ ಸಹಿ ಯಾರದು ಎಂದು ನೋಡಿ. ಮದುವೆ ಗೊತ್ತುಮಾಡಿದ ಅಪ್ಪನದೇ. ಅವಳ ಹಿತವನ್ನು ಒಮ್ಮೆ ಮರೆತವರ ಸಹಿಯನ್ನೇ ಅವಳ ಹಿತದ ಪ್ರಮಾಣಪತ್ರ ಎಂದು ಹಿಡಿದುಕೊಳ್ಳಲಾಗದು. ಬೆಳೆದವರ ಒಪ್ಪಿಗೆಯೂ ಹೆಚ್ಚಾಗಿ ಚಿತ್ರಕ್ಕೆ ಕೊಟ್ಟದ್ದು, ಅಡಿಬರಹಕ್ಕಲ್ಲ. ಫೋಟೊ ತೆಗೆಯಲೇ ಎಂದು ಕೇಳುತ್ತೇವೆ. ಕೆಳಗೆ ಹೀಗೆ ಬರೆಯುತ್ತೇವೆ, ಕೇಳಿ ಎಂದು ಓದಿ ಹೇಳುವುದಿಲ್ಲ. ಓದಿ ಹೇಳಿದರೆ ಹಮಾಲಿ ಅಂತ ಬೇಡ ಎನ್ನುವವರು, ತಂಗಿಯ ಸುದ್ದಿ ತೆಗೆದುಬಿಡಿ ಎನ್ನುವವರು ಸಿಗುತ್ತಾರೆ. ಇದೇ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ತನ್ನ ಹೋರಾಟಕ್ಕೆ ತನ್ನ ಹೆಸರೇ ಇರಲಿ ಎನ್ನುವ ಬೆಳೆದ ಹೆಂಗಸಿನ ಹೆಸರನ್ನು ಅವಳಿಗಾಗಿಯೇ ಎಂದು ನಾವು ಕಿತ್ತುಹಾಕಿದರೆ ಅದು ರಕ್ಷಣೆಯಲ್ಲ, ದಬ್ಬಾಳಿಕೆ. ಕಾನೂನು ತಡೆಯದ ಕಡೆ, ಪೂರ್ತಿ ಅಡಿಬರಹವನ್ನು ಕೇಳಿಸಿಕೊಂಡು, ಪರಿಣಾಮ ತಿಳಿದು ಬರೆಯಿರಿ ಎಂದವರ ಹೆಸರನ್ನು ಬರೆಯಲೇಬೇಕು. ಆಗಲೂ ಅವರ ಒಪ್ಪಿಗೆ ಅವರಿಗೆ ಮಾತ್ರ. ಅವರ ಮಕ್ಕಳ, ನೆರೆಯವರ, ಸಹಾಯ ಮಾಡಿದವರ ವಿವರಗಳಿಗೆ ಅದು ಒಪ್ಪಿಗೆಯಾಗುವುದಿಲ್ಲ.

ಮೂರನೆಯ ಆಕ್ಷೇಪ ಸಾಮಾನ್ಯವಾಗಿ ಮೊದಲು ಬರುತ್ತದೆ: ಊರಿಗೆಲ್ಲ ಗೊತ್ತಿರುವ ಸಂಗತಿಯನ್ನು ಬಚ್ಚಿಟ್ಟು ಏನು ಫಲ? ಊರಿಗೆ ಗೊತ್ತಿರುವುದಕ್ಕೂ ಅಚ್ಚಾಗಿರುವುದಕ್ಕೂ ಇರುವ ಅಂತರ ದೊಡ್ಡದು. ಊರಿನ ನೆನಪಿಗೆ ಮರೆವು ಎಂಬ ಕರುಣೆಯಿದೆ. ನಾಲ್ಕು ಮಳೆಗಾಲ ಕಳೆದರೆ ಮಾತು ಮಾಸುತ್ತದೆ, ಹೇಳುವವರು ದಣಿಯುತ್ತಾರೆ. ಅಚ್ಚಿಗೆ ಆ ಕರುಣೆಯಿಲ್ಲ. ಹುಡುಗಿ ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರುತ್ತಾಳೆ, ತಾನೇ ಮೆಚ್ಚಿದವನನ್ನು ಮದುವೆಯಾಗುತ್ತಾಳೆ. ಆ ಹೊಸ ಊರಿಗೆ ಗೊತ್ತಿಲ್ಲದ ಸಂಗತಿಯನ್ನು ಹಳೆಯ ವಾರ್ಷಿಕ ವರದಿಯೊಂದು ಹುಡುಕಿದವರಿಗೆಲ್ಲ ಹೇಳುತ್ತ ಕೂತಿರುತ್ತದೆ. ತನ್ನ ಕಥೆಯನ್ನು ಯಾರಿಗೆ, ಯಾವಾಗ ಹೇಳಬೇಕು, ಹೇಳಬೇಕೇ ಬೇಡವೇ ಎಂಬ ಆಯ್ಕೆ ಅವಳದು. ಒಂಬತ್ತನೇ ತರಗತಿಯಲ್ಲಿ ಅವಳ ಪರವಾಗಿ ಮದುವೆಯನ್ನು ತೀರ್ಮಾನಿಸಿದ್ದು ತಪ್ಪಾದರೆ, ಅವಳ ಪರವಾಗಿ ಕಥೆಯನ್ನು ತೀರ್ಮಾನಿಸುವುದೂ ತಪ್ಪೇ.

ಹಾಗಾದರೆ ಕೊನೆಗೆ ಏನು ಉಳಿಯುತ್ತದೆ? ಸುಮಾಳ ಅಡಿಬರಹವನ್ನು ಹೀಗೆ ಬರೆಯಬಹುದು: “ಕಲ್ಯಾಣ ಕರ್ನಾಟಕದ ಪ್ರೌಢಶಾಲೆಯೊಂದರ ವಿದ್ಯಾರ್ಥಿನಿ. 1098ಕ್ಕೆ ಬಂದ ಕರೆಯಿಂದ ಈಕೆಯ ಮದುವೆ ನಿಂತಿತು, ಓದು ಮುಂದುವರಿದಿದೆ. ಗುರುತು ಸಿಗದಿರಲೆಂದು ಹೆಸರು, ಊರು, ದಿನ ಕೊಟ್ಟಿಲ್ಲ.” ಚಿತ್ರ ಅವಳದೇ ಆಗಿರಬೇಕೆಂದೂ ಇಲ್ಲ, ಖಾಲಿ ಬೆಂಚು, ತೆರೆದ ಪುಸ್ತಕ ಸಾಕು, ಏಕೆಂದರೆ ಜಡೆಯನ್ನೂ ಊರು ಗುರುತಿಸುತ್ತದೆ. ಕಳೆದುಕೊಂಡದ್ದೇನು? ಅಪ್ಪನ ಕಸುಬು, ಅಕ್ಕತಂಗಿಯರ ಲೆಕ್ಕ, ಬಸ್ಸಿನ ಹೊತ್ತು, ಶಿಕ್ಷಕಿಯ ವಿಷಯ. ಇವುಗಳಲ್ಲಿ ಒಂದೂ ಇನ್ನೊಂದು ಮದುವೆಯನ್ನು ನಿಲ್ಲಿಸಲು ಓದುಗನಿಗೆ ನೆರವಾಗುತ್ತಿರಲಿಲ್ಲ. ನೆರವಾಗುವುದು ಮೂರು ಸಂಗತಿ: ಮದುವೆ ನಿಲ್ಲಿಸಬಹುದು, ಈ ನಂಬರಿಗೆ ಕರೆ ಮಾಡಬಹುದು, ಆಮೇಲೂ ಓದು ಮುಂದುವರಿಯುತ್ತದೆ. ಮೂರೂ ಉಳಿದಿವೆ. ನೂರಿಪ್ಪತ್ತರಿಂದ ಒಬ್ಬಳಿಗೆ ಇಳಿದಿದ್ದ ಜರಡಿಯಲ್ಲಿ ಈಗ ಏಳು ಜಿಲ್ಲೆಗಳ ಸಾವಿರಾರು ಹುಡುಗಿಯರಿದ್ದಾರೆ. ಅವರ ನಡುವೆ ಅವಳು ನಿಶ್ಚಿಂತೆಯಿಂದ ನಿಂತಿರಬಹುದು, ಕರೆ ಮಾಡಿದವರೂ ನಾಳೆ ಇನ್ನೊಂದು ಕರೆ ಮಾಡಬಹುದು. ಅಡಿಬರಹ ಬರೆಯುವ ಎಲ್ಲರಲ್ಲೂ ನನ್ನ ಕೋರಿಕೆ ಇದೊಂದೇ. ಅಚ್ಚಿಗೆ ಕಳಿಸುವ ಮೊದಲು ಬರೆದದ್ದನ್ನು ಆ ಊರಿನ ಹೋಟೆಲಿನ ಬೆಂಚಿನ ಮೇಲೆ ಕೂತವರ ಕಣ್ಣಿನಿಂದ ಒಮ್ಮೆ ಓದಿ, ಎಷ್ಟು ಜನ ಉಳಿದರು ಎಂದು ಎಣಿಸಿ. ಒಬ್ಬರೇ ಉಳಿದಿದ್ದರೆ, ಕಂಸದೊಳಗಿನ ಆ ಎರಡು ಪದಗಳು ನಿಜವಲ್ಲ.